ಅಂಟು ಒಣಗುವ ಹೊತ್ತಿನ ಕಥೆ

ಏಳು ವರ್ಷದ ಮಗುವಿಗೆ ತಾಳ್ಮೆಯ ಕಥೆ ಹೇಳಹೊರಟವರು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತಾರೆ. ಹುಡುಗನೊಬ್ಬ ಗಾಳಿಪಟ ಮಾಡುತ್ತಾನೆ, ಅವಸರಪಡುತ್ತಾನೆ, ಪಟ ಹರಿಯುತ್ತದೆ, ಅಳುತ್ತಾನೆ. ಆಗ ತಾತ ಬಂದು ತಲೆ ಸವರಿ ನಾಲ್ಕು ಬುದ್ಧಿಮಾತು ಹೇಳುತ್ತಾರೆ. ಮರುದಿನ ಪಟ ಹಾರುತ್ತದೆ. ನಿನ್ನೆ ಹಾರದ ಪಟ ಇವತ್ತು ಯಾಕೆ ಹಾರಿತು ಅನ್ನುವುದು ಮಾತ್ರ ಕೇಳುವ ಮಗುವಿಗೆ ತಿಳಿಯುವುದೇ ಇಲ್ಲ. ತಾತ ಮಾತಾಡಿದ್ದರಿಂದ ಹಾರಿತು ಎಂದು ಅದು ಅಂದುಕೊಳ್ಳಬೇಕು, ಅಷ್ಟೆ.

ಇಂಥ ಕಥೆಯಲ್ಲಿ ತಾತನ ಮಾತಿಗಿಂತ ಪಟಕ್ಕೇ ಕೆಲಸ ಕೊಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮನೆಯಲ್ಲಿ ಮಾಡಿದ ಗಾಳಿಪಟ ತನ್ನ ಯಾವ ದೋಷವನ್ನೂ ಮುಚ್ಚಿಡುವುದಿಲ್ಲ. ಒಂದು ಕಡೆ ಭಾರವಾದರೆ ಆ ಕಡೆಗೇ ವಾಲುತ್ತದೆ. ಬಾಲಂಗೋಚಿ ಗಿಡ್ಡವಾದರೆ ಗಿರಗಿರ ಸುತ್ತುತ್ತದೆ, ಅತಿಯಾಗಿ ಉದ್ದವಾದರೆ ಮೇಲೇಳಲು ಒಲ್ಲೆ ಎನ್ನುತ್ತದೆ. ಅವಸರಕ್ಕೆ ಒಂದು ಗುರುತು, ಕಾದಿದ್ದಕ್ಕೆ ಇನ್ನೊಂದು ಗುರುತು ಪಟದ ಮೈಮೇಲೇ ಇರುತ್ತದೆ. ಕಥೆ ಬರೆಯುವವರು ಆ ಗುರುತುಗಳನ್ನು ಬಲ್ಲವರಾಗಿದ್ದರೆ ಬುದ್ಧಿಮಾತು ಬೇಕಾಗುವುದೇ ಇಲ್ಲ.

ಹಾಗಾಗಿ ಮೊದಲು ಪಟವನ್ನೇ ನೋಡೋಣ. ಹಳೇ ಮೈಸೂರಿನ ಕಡೆ ಪಟದ ಕಾಲವೆಂದರೆ ಆಷಾಢ. ನೈಋತ್ಯ ಮುಂಗಾರಿನ ಗಾಳಿ ಬಯಲುಸೀಮೆಯ ಮೇಲೆ ಬಿಡದೆ ಬೀಸುವ ದಿನಗಳವು. ಬೆಳಗಿನ ಹೊತ್ತು ಮೆತ್ತಗಿದ್ದು, ಬಿಸಿಲೇರಿದಂತೆ ಗಾಳಿಯೂ ಏರುತ್ತದೆ. ಮಕ್ಕಳು ಮಾಡುವ ಸಾದಾ ಪಟಕ್ಕೆ ಬೇಕಾದ ಸಾಮಾನು ಕಡಿಮೆ: ಹಳೆಯ ದಿನಪತ್ರಿಕೆಯ ಅಗಲವಾದ ಹಾಳೆಯಿಂದ ಕತ್ತರಿಸಿದ ಒಂದು ಮೊಳ ಉದ್ದ, ಒಂದು ಮೊಳ ಅಗಲದ ಚೌಕ, ಎರಡು ಬಿದಿರು ಕಡ್ಡಿ, ಮೈದಾ ಅಂಟು, ಹತ್ತಿ ದಾರ, ಹಳೆ ಸೀರೆಯ ಚೂರು. ಒಂದು ಕಡ್ಡಿ ಮೂಲೆಯಿಂದ ಮೂಲೆಗೆ ನೆಟ್ಟಗೆ ಬೆನ್ನೆಲುಬಾಗಿ ಕೂರುತ್ತದೆ. ಇನ್ನೊಂದನ್ನು ಬಿಲ್ಲಿನ ಹಾಗೆ ಬಾಗಿಸಿ ಅದರ ಮೇಲೆ ಅಡ್ಡಲಾಗಿ ಅಂಟಿಸುತ್ತಾರೆ.

ಇಲ್ಲೊಂದು ಸಣ್ಣ ಲೆಕ್ಕ ಕಥೆಗೆ ಬೇಕು. ದಿನಪತ್ರಿಕೆಯ ಕಾಗದ ಚದರ ಮೀಟರಿಗೆ ಸುಮಾರು 45 ಗ್ರಾಂ ತೂಗುತ್ತದೆ. ಮೊಳ ಉದ್ದದ ಚೌಕವೆಂದರೆ ಇಡೀ ಹಾಳೆ ಸೇರಿ 9 ಗ್ರಾಂ ಆಸುಪಾಸು. ಇಷ್ಟು ಹಗುರವಾದದ್ದರ ಒಂದು ಮಗ್ಗುಲಿಗೆ ಅಂಗೈಯಗಲದ ತೇಪೆ ಹಾಕಿ, ಮೇಲೆ ದಪ್ಪಗೆ ಅಂಟು ಮೆತ್ತಿದರೆ ಒಂದು ಗ್ರಾಂ ಕೂಡಿಕೊಂಡರೂ ಸಾಕು, ಪಟ ಅದನ್ನು ತಡೆದುಕೊಳ್ಳುವುದಿಲ್ಲ. ಗಾಳಿಗೆ ಎದ್ದ ಕೂಡಲೇ ಆ ಕಡೆಗೆ ತಿರುಗಿ ನೆಲ ಕಚ್ಚುತ್ತದೆ. ಪರೀಕ್ಷೆ ಕೂಡ ಸುಲಭ. ಬೆನ್ನುಕಡ್ಡಿಯ ಎರಡು ತುದಿಗಳನ್ನು ಎರಡು ಬೆರಳ ಮೇಲೆ ಅಡ್ಡಲಾಗಿ ಇಟ್ಟು ನೋಡಿದರೆ ಭಾರವಿದ್ದ ರೆಕ್ಕೆ ಕೆಳಗೆ ಇಳಿಯುತ್ತದೆ. ಏಳು ವರ್ಷದವರ ಕಣ್ಣಿಗೂ ಕಾಣುತ್ತದೆ.

ಅಂಟಿನ ವಿಷಯವೂ ಹೀಗೇ. ಮೈದಾ ಅಂಟು ಹೀರಿದ ಪತ್ರಿಕೆಯ ಹಾಳೆ ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ಹಸಿಯಿದ್ದಾಗ ಎಳೆದರೆ ಸದ್ದಿಲ್ಲದೆ ಹರಿಯುತ್ತದೆ. ಒಣಗುತ್ತಾ ಬಂದ ಹಾಗೆ ಬಿಗಿಯಾಗುತ್ತದೆ. ಒಣಗಿದೆಯೋ ಇಲ್ಲವೋ ತಿಳಿಯಲು ಬೆರಳಿನ ಹಿಂಬದಿ ತಾಗಿಸಿದರೆ ಸಾಕು. ಹಸಿ ಜಾಗ ತಣ್ಣಗಿರುತ್ತದೆ, ಯಾಕೆಂದರೆ ಅಲ್ಲಿನ ನೀರು ಆರುವಾಗ ಶಾಖವನ್ನು ಹೀರಿಕೊಳ್ಳುತ್ತಿರುತ್ತದೆ. ಬೆರಳಲ್ಲಿ ತಟ್ಟಿದರೂ ಗೊತ್ತಾಗುತ್ತದೆ: ಹಸಿ ಹಾಳೆ ಮಂಕಾಗಿ ಡಬ್ ಎನ್ನುತ್ತದೆ, ಒಣಗಿದ ಹಾಳೆ ಟಪ್ ಎನ್ನುತ್ತದೆ.

ತಾಳ್ಮೆಯ ಕಥೆಗೆ ಈ ತಣ್ಣನೆ ಮತ್ತು ಈ ಸದ್ದು ತುಂಬ ದೊಡ್ಡ ಆಸ್ತಿ. ಏಳು ವರ್ಷದ ಮಗುವಿಗೆ ಅರ್ಧ ಗಂಟೆ ಎಂದರೆ ಎಷ್ಟು ಹೊತ್ತು ಎಂಬ ಅಂದಾಜು ಇನ್ನೂ ಗಟ್ಟಿಯಾಗಿರುವುದಿಲ್ಲ. 'ಆಮೇಲೆ' ಎನ್ನುವ ಮಾತಂತೂ ಅದರ ಮಟ್ಟಿಗೆ 'ಇಲ್ಲ' ಎನ್ನುವುದಕ್ಕೆ ಸಮ. ಹೊತ್ತು ಅದರ ಕಣ್ಣಿಗೆ, ಕೈಗೆ, ಕಿವಿಗೆ ಸಿಗಬೇಕು. ಇನ್ನು ಎರಡನೇ ತರಗತಿಯ ಮಗು ಒತ್ತಕ್ಷರಗಳ ಜೊತೆ ಗುದ್ದಾಡುತ್ತಿರುವ ಕಾಲವಿದು. ವಾಕ್ಯ ಚಿಕ್ಕದಾಗಿರಬೇಕು, ಒಂದು ವಾಕ್ಯದಲ್ಲಿ ಒಂದೇ ಕೆಲಸ ನಡೆಯಬೇಕು, ಬಂದ ಮಾತು ಮತ್ತೆ ಮತ್ತೆ ಬರಬೇಕು. ಜೋರಾಗಿ ಓದಿದರೆ ಐದಾರು ನಿಮಿಷದಲ್ಲಿ ಮುಗಿಯಬೇಕು. ಪಂಜೆ ಮಂಗೇಶರಾಯರ 'ಇಲಿಗಳ ಥಕಥೈ' ಎಂಬ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮಕ್ಕಳ ಕಥೆಯಲ್ಲಿ ಸದ್ದಿಗೆ ಎಷ್ಟು ಜಾಗ ಕೊಡಬೇಕೆಂದು ಅದೊಂದೇ ಹೆಸರು ತೋರಿಸಿಕೊಡುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಥೆ ಇದು.

ಸೋಮನ ಪಟ

ಆಷಾಢ ಬಂತು. ಊರ ತುಂಬ ಗಾಳಿ. ಸೋಮನಿಗೆ ಪಟ ಬೇಕು.

"ಅಂಗಡೀದು ಬೇಡ. ನಾನೇ ಮಾಡ್ತೀನಿ" ಅಂದ.

ತಾತ ಬಿದಿರು ಸೀಳಿ ಎರಡು ಕಡ್ಡಿ ಹೆರೆದುಕೊಟ್ಟರು. ಅಜ್ಜಿ ಮೈದಾ ಕಲಸಿ ಒಲೆ ಮೇಲಿಟ್ಟು ಅಂಟು ಕಾಯಿಸಿದಳು. ಅಕ್ಕ ಹಳೆ ಪೇಪರ್ ಕತ್ತರಿಸಿದಳು. ಸೋಮ ಅಂಟು ಬಳಿದ. ಒಂದು ಕಡ್ಡಿ ನೆಟ್ಟಗೆ ಇಟ್ಟ. ಇನ್ನೊಂದು ಕಡ್ಡಿ ಬಾಗಿಸಿ ಇಟ್ಟ. ಅದರ ಮೇಲೆ ಕಾಗದದ ಪಟ್ಟಿ ಅಂಟಿಸಿದ.

"ಆಯ್ತಾ ತಾತ? ಹಾರಿಸ್ಲಾ?"

"ಅಂಟು ಒಣಗಬೇಕು ಮಗ. ನೋಡು, ಜಗುಲಿ ಮೇಲೆ ಬಿಸಿಲು ಎಲ್ಲಿದೆ?"

"ಹೊಸಿಲ ಹತ್ರ."

"ಅದು ಕಂಬದ ಹತ್ರ ಹೋಗಲಿ. ಅಷ್ಟೊತ್ತಿಗೆ ಒಣಗಿರುತ್ತೆ."

ತಾತ ತೋಟಕ್ಕೆ ಹೋದರು. ಸೋಮ ಕೂತ. ಬಿಸಿಲು ನೋಡಿದ. ಪಟ ನೋಡಿದ. ಬಿಸಿಲು ನೋಡಿದ. ಬಿಸಿಲು ಕದಲಲೇ ಇಲ್ಲ!

ಸೋಮ ಪಟದ ಬಲಗಡೆ ಮೂಲೆ ಹಿಡಿದ. ಮೆಲ್ಲಗೆ ಎತ್ತಿದ.

ಪಿರ್ರ್!

ಹಸಿ ಕಾಗದ ಅಂಗೈ ಅಗಲ ಹರಿಯಿತು.

ಸೋಮ ಆ ಕಡೆ ನೋಡಿದ. ಈ ಕಡೆ ನೋಡಿದ. ಯಾರೂ ಇಲ್ಲ. ಬೇಗ ಬೇಗ ಒಂದು ತುಂಡು ಕಾಗದ ತಂದ. ಬೇಗ ಬೇಗ ಅಂಟು ಬಳಿದ. ಹರಿದ ಜಾಗಕ್ಕೆ ಮೆತ್ತಿದ. ಮೇಲೆ ಇನ್ನೂ ಒಂದಿಷ್ಟು ಅಂಟು ಮೆತ್ತಿದ.

ಬಿಸಿಲು ಕಂಬದ ಹತ್ರ ಹೋಯಿತು. ತಾತ ಬಂದರು. ಪಟ ಒಣಗಿತ್ತು. ತಾತ ತೇಪೆ ನೋಡಿದರು. ಏನೂ ಅನ್ನಲಿಲ್ಲ. ಸೂತ್ರ ಕಟ್ಟಿದರು. ದಾರ ಕಟ್ಟಿದರು. ಸೋಮ ಒಂದು ಪುಟ್ಟ ಬಾಲಂಗೋಚಿ ಕಟ್ಟಿದ.

ಸೋಮ, ಅಕ್ಕ ಬಯಲಿಗೆ ಓಡಿದರು. ಅಕ್ಕ ಪಟ ಹಿಡಿದಳು. ಸೋಮ ದಾರ ಹಿಡಿದ.

"ಬಿಡು!"

ಪಟ ಎದ್ದಿತು. ಬಲಗಡೆ ವಾಲಿತು. ಗಿರಗಿರ ಗಿರಗಿರ ದೊಪ್!

"ಇನ್ನೊಂದ್ ಸಲ!"

ಪಟ ಎದ್ದಿತು. ಬಲಗಡೆ ವಾಲಿತು. ಗಿರಗಿರ ಗಿರಗಿರ ದೊಪ್!

"ಇನ್ನೊಂದ್ ಸಲ!"

ಪಟ ಎದ್ದಿತು. ಬಲಗಡೆ...

"ಹಾಳು ಪಟ!" ಸೋಮ ಕಾಲು ನೆಲಕ್ಕೆ ಬಡಿದ.

"ಯಾವಾಗ್ಲೂ ಬಲಗಡೆಗೇ ಯಾಕೋ ಹೋಗುತ್ತೆ?" ಅಂದಳು ಅಕ್ಕ.

ಸೋಮ ಕಾಲು ಬಡಿಯುವುದು ನಿಲ್ಲಿಸಿದ. ಪಟ ಎತ್ತಿಕೊಂಡ. ನೆಟ್ಟಗಿನ ಕಡ್ಡಿಯ ಎರಡು ತುದಿ ಎರಡು ಬೆರಳ ಮೇಲೆ ಇಟ್ಟ. ಎಡಗಡೆ ಮೇಲೆ ಹೋಯಿತು. ಬಲಗಡೆ ಕೆಳಗೆ ಬಂತು. ಬಲಗಡೆ ಏನಿದೆ? ತೇಪೆ ಇದೆ. ದಪ್ಪ ದಪ್ಪ ಅಂಟಿನ ತೇಪೆ.

"ಎಡಗಡೆಗೂ ಒಂದು ತೇಪೆ ಬೇಕು" ಅಂದ ಸೋಮ.

ಮನೆಗೆ ಬಂದರು. ಸೋಮ ಅಷ್ಟೇ ಅಗಲದ ಕಾಗದ ಕತ್ತರಿಸಿದ. ಅಷ್ಟೇ ಅಂಟು ಬಳಿದ. ಎಡಗಡೆ ಅಂಟಿಸಿದ.

"ಬಾರೋ, ಹೋಗೋಣ" ಅಂದಳು ಅಕ್ಕ.

ಸೋಮ ಬೆರಳಿನ ಹಿಂಬದಿ ತಾಗಿಸಿದ. ತಣ್ಣಗಿತ್ತು. ಮೆಲ್ಲಗೆ ತಟ್ಟಿದ. ಡಬ್.

"ಇನ್ನೂ ಹಸಿ."

ಅಜ್ಜಿಯ ಹಳೆ ಸೀರೆ ಚೂರು ತಂದ. ಒಂದಕ್ಕೆ ಒಂದು ಗಂಟು ಹಾಕಿದ. ಹಸಿರು ಚೂರು, ಗಂಟು. ಕೆಂಪು ಚೂರು, ಗಂಟು. ಬಾಲಂಗೋಚಿ ಜಗುಲಿಯಿಂದ ಇಳಿಯಿತು. ಮೆಟ್ಟಿಲು ಇಳಿಯಿತು.

"ಬಾರೋ ಸಾಕು!" ಅಂದಳು ಅಕ್ಕ.

ಸೋಮ ತಟ್ಟಿದ. ಡಬ್.

ಹಳದಿ ಚೂರು, ಗಂಟು. ಹಸಿರು ಚೂರು, ಗಂಟು. ಬಾಲಂಗೋಚಿ ಅಂಗಳಕ್ಕೆ ಬಂತು.

ಸೋಮ ತಟ್ಟಿದ. ಟಪ್!

ಬಿಸಿಲು ಕಂಬ ದಾಟಿ ಯಾವಾಗಲೋ ಹೋಗಿತ್ತು. ಸೋಮ ನೋಡಿರಲೇ ಇಲ್ಲ.

ಬಯಲಿನಲ್ಲಿ ಹುಲ್ಲು ಸುಮ್ಮನೆ ನಿಂತಿತ್ತು.

"ಬಿಡ್ಲಾ?" ಅಂದಳು ಅಕ್ಕ.

"ತಡಿ."

ಹುಲ್ಲು ಒಂಚೂರು ಅಲ್ಲಾಡಿತು.

"ಬಿಡ್ಲಾ?"

"ತಡಿ."

ಸರ್ರನೆ ಗಾಳಿ ಬಂತು. ಹುಲ್ಲೆಲ್ಲ ಮಲಗಿತು.

"ಈಗ ಬಿಡು!"

ಪಟ ಎದ್ದಿತು. ಬಲಗಡೆ ವಾಲಲಿಲ್ಲ. ಎಡಗಡೆ ವಾಲಲಿಲ್ಲ. ಮೇಲೆ, ಮೇಲೆ, ಇನ್ನೂ ಮೇಲೆ. ಬಾಲಂಗೋಚಿ ಪಟಪಟ ಪಟಪಟ ಅಂದಿತು.

ಸೋಮ ದಾರ ಬಿಟ್ಟ, ಬಿಟ್ಟ, ಬಿಟ್ಟ. ಆಮೇಲೆ ಕೂಗಿದ:

"ತಾತಾ! ದಾರ ಮುಗೀತು! ಇನ್ನೊಂದ್ ಉಂಡೆ ತಾ!"

ಕಥೆ ಇಷ್ಟೇ. ಇದರಲ್ಲಿ ಸೋಮ ಕಲಿತದ್ದೇನು ಎಂದು ಯಾರೂ ಹೇಳುವುದಿಲ್ಲ. ಆದರೆ ಒಂದೇ ಕೆಲಸ ಎರಡು ಸಲ ಬಂದಿದೆ: ಅಂಟು ಒಣಗಲು ಕಾಯುವುದು. ಮೊದಲನೇ ಸಲ ಕಾಯಲಾಗಲಿಲ್ಲ, ಎರಡನೇ ಸಲ ಕಾದ. ನಡುವೆ ಆದದ್ದೆಲ್ಲ ಮೊದಲನೇ ಅವಸರದ ಫಲ. ಹರಿದದ್ದರಿಂದ ತೇಪೆ, ತೇಪೆಯಿಂದ ಭಾರ, ಭಾರದಿಂದ ವಾಲಾಟ. ಇಲ್ಲಿ ಪಟ ಸುಮ್ಮನೆ ಹರಿದು, ಮರುದಿನ ಹೊಸ ಪಟ ಬಂದಿದ್ದರೆ ಕಥೆ ಕೈತಪ್ಪುತ್ತಿತ್ತು. ಅವಸರದ ಗುರುತು ಅದೇ ಪಟದ ಮೇಲೆ ಉಳಿದು, ಹುಡುಗ ಅದನ್ನೇ ಸರಿಮಾಡಬೇಕಾಗಿ ಬಂದದ್ದರಿಂದ ಕಾರಣ ಮತ್ತು ಪರಿಣಾಮ ಮಗುವಿನ ಕೈಗೆ ಸಿಗುತ್ತವೆ.

ತೇಪೆ ನೋಡಿದ ತಾತ ಯಾಕೆ ಸುಮ್ಮನಿದ್ದರು ಎಂದು ದೊಡ್ಡವರಿಗೆ ಅನ್ನಿಸಬಹುದು. ಅವರು ಅಲ್ಲಿ ಬಾಯಿಬಿಟ್ಟಿದ್ದರೆ ಹುಡುಗ ಮುಚ್ಚಿಟ್ಟದ್ದರ ವಿಚಾರಣೆ ಶುರುವಾಗುತ್ತಿತ್ತು, ಕಥೆ ಪ್ರಾಮಾಣಿಕತೆಯ ಕಡೆ ಹೊರಟುಬಿಡುತ್ತಿತ್ತು. ಈ ವಯಸ್ಸಿನವರ ಕಥೆಗೆ ಒಂದು ವಿಷಯ ಸಾಕು. ಅಲ್ಲದೆ ತೇಪೆ ತಪ್ಪೆಂದು ತಾತ ಹೇಳಿಬಿಟ್ಟರೆ ಅದನ್ನು ಕಂಡುಹಿಡಿಯುವ ಖುಷಿ ಸೋಮನಿಗೂ ಇಲ್ಲ, ಕೇಳುವ ಮಗುವಿಗೂ ಇಲ್ಲ.

ತಾತನಿಗೆ ಈ ಕಥೆಯಲ್ಲಿ ಬೇರೊಂದು ಕೆಲಸವಿದೆ, ಅದು ಸಣ್ಣದಲ್ಲ. ಬಿಸಿಲು ಕಂಬದ ಹತ್ತಿರ ಹೋಗುವಷ್ಟರಲ್ಲಿ ಒಣಗಿರುತ್ತದೆ ಎಂದು ಅವರು ಹೇಳಿದರು, ಒಣಗಿಯೇ ಇತ್ತು. ಇದನ್ನು ಹೀಗೇ ಇಡಬೇಕು ಎನ್ನಲು ಒಂದು ಒಳ್ಳೆಯ ಕಾರಣವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಿಂದ ನಡೆಸಿದ ಮಿಠಾಯಿ ಪ್ರಯೋಗವನ್ನು ಅನೇಕರು ಕೇಳಿರುತ್ತಾರೆ. ಮಗುವಿನ ಮುಂದೆ ಒಂದು ಮಾರ್ಷ್‌ಮ್ಯಾಲೋ ಇಟ್ಟು, ತಿನ್ನದೆ ಕಾದರೆ ಎರಡು ಸಿಗುತ್ತದೆ ಎಂದು ಹೇಳಿ, ಎಷ್ಟು ಹೊತ್ತು ಕಾಯುತ್ತದೆ ಎಂದು ನೋಡುವುದು. ಕಾಯುವುದು ಮಗುವಿನ ಹುಟ್ಟುಗುಣ ಎಂಬ ಹಾಗೆ ಅದರ ಸುದ್ದಿ ಹಬ್ಬಿತು. ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಒಂದು ಹಂತ ಸೇರಿಸಿದರು. ಮಿಠಾಯಿಗಿಂತ ಮೊದಲು ಮಗುವಿಗೆ ಹಳೆಯ ಕ್ರೇಯಾನ್ ಕೊಟ್ಟು, ಕಾದರೆ ಒಳ್ಳೆಯ ಬಣ್ಣದ ಸಾಮಾನು ತರುತ್ತೇನೆ ಎಂದು ಮಾತುಕೊಟ್ಟರು. ಅರ್ಧ ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು, ಇನ್ನರ್ಧಕ್ಕೆ ಬರಿಗೈಯಲ್ಲಿ ಬಂದು ಇಲ್ಲವೆಂದರು. ಆಮೇಲೆ ಮಿಠಾಯಿ ಇಟ್ಟಾಗ ಮಾತು ಉಳಿದ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ಮುರಿದ ಗುಂಪಿನವರು ಕಾದದ್ದು ಸುಮಾರು 3 ನಿಮಿಷ. ಮಕ್ಕಳು 28 ಮಂದಿ ಮಾತ್ರ, ಮೂರರಿಂದ ಐದು ವರ್ಷದವರು. ಹಾಗಾಗಿ ಎಲ್ಲ ಮಕ್ಕಳಿಗೂ ಇದೇ ಲೆಕ್ಕವೆಂದು ಹಿಗ್ಗಿಸಲಾಗದು. ಆದರೂ ಅಂತರ ಕಣ್ಣಿಗೆ ಹೊಡೆಯುವಂಥದ್ದು.

ದೊಡ್ಡವರು ಹೇಳಿದ ಹೊತ್ತಿಗೆ ಹೇಳಿದ್ದು ಆಗುತ್ತದೆ ಎಂಬ ನಂಬಿಕೆ ಇದ್ದರೆ ಮಗು ಕಾಯುತ್ತದೆ. ಆಗುವುದಿಲ್ಲ ಎಂದು ಕಂಡಿದ್ದರೆ ಕಾಯದಿರುವುದೇ ಅದಕ್ಕೆ ಜಾಣತನ. ಹಾಗಾಗಿ ತಾತ 'ಸಂಜೆ ನೋಡೋಣ' ಎಂದು ಜಾರಿಕೊಳ್ಳುವಂತಿಲ್ಲ. ಕಂಬದ ಹತ್ತಿರ ಬಿಸಿಲು ಬಂದಾಗ ಅಂಟು ಹಸಿಯಾಗಿದ್ದರೆ ಇಡೀ ಕಥೆಯೇ ಸುಳ್ಳಾಗುತ್ತದೆ. ಬರೆಯುವವರು ಇಂಥ ಮಾತು ಬಳಸುವ ಮುಂಚೆ ತಮ್ಮ ಮನೆಯ ಅಂಟು ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ನಿಜವಾಗಿ ನೋಡಿಕೊಳ್ಳುವುದು ಒಳ್ಳೆಯದು. ಮೋಡ ಮುಸುಕಿದ ದಿನ ದಪ್ಪ ಅಂಟು ಬಹಳ ಹೊತ್ತು ಹಸಿಯಾಗಿಯೇ ಇರುತ್ತದೆ.

ಮಿಶೆಲ್ ಅವರ ಪ್ರಯೋಗಗಳಲ್ಲಿ ಕಂಡ ಇನ್ನೊಂದು ಸಂಗತಿಯೂ ಕಥೆಯಲ್ಲಿ ಸೇರಿಕೊಂಡಿದೆ. ಮಿಠಾಯಿಯನ್ನೇ ನೋಡುತ್ತ ಕೂತ ಮಕ್ಕಳು ಬೇಗ ಸೋತರು. ಹಾಡುತ್ತ, ಆಡುತ್ತ ಮನಸ್ಸು ಬೇರೆ ಕಡೆ ತಿರುಗಿಸಿಕೊಂಡವರು ಹೆಚ್ಚು ಹೊತ್ತು ಕಾದರು. ಮೊದಲ ಸಲ ಸೋಮ ಬರಿಗೈಯಲ್ಲಿ ಬಿಸಿಲು ನೋಡುತ್ತ ಕೂತ, ಸೋತ. ಎರಡನೇ ಸಲ ಕೈಗೆ ಸೀರೆ ಚೂರಿನ ಕೆಲಸ ಸಿಕ್ಕಿತು. ಬಾಲಂಗೋಚಿ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಇಂಥ ಪಟಕ್ಕೆ ಅದರ ಉದ್ದದ ಐದಾರು ಪಟ್ಟು ಬಾಲ ಬೇಕಾಗುತ್ತದೆ, ಹಾಗಾಗಿ ಗಂಟು ಹಾಕುವ ಕೆಲಸ ನಿಜವಾಗಿಯೂ ಅಷ್ಟು ಹೊತ್ತು ಹಿಡಿಯುತ್ತದೆ. ಕಾಯುವ ಹೊತ್ತು ಪಟಕ್ಕೇ ಉಪಯೋಗವಾಯಿತು.

ಸೂತ್ರದ ವಿಷಯವನ್ನು ಕಥೆಯಲ್ಲಿ ಎರಡೇ ಪದದಲ್ಲಿ ದಾಟಿಸಿದ್ದೇನೆ. ಪಟ ಬಲ್ಲವರಿಗೆ ಇದು ಅನ್ಯಾಯ ಅನ್ನಿಸೀತು, ಯಾಕೆಂದರೆ ಹಾರಾಟದ ಅರ್ಧ ಗುಟ್ಟು ಅಲ್ಲೇ ಇದೆ. ಕಡ್ಡಿಗಳು ಕೂಡುವ ಕಡೆ ಒಂದು, ಕೆಳಗೆ ಬೆನ್ನುಕಡ್ಡಿಯ ಮೇಲೆ ಇನ್ನೊಂದು, ಹೀಗೆ ಎರಡು ಕಡೆ ಕಟ್ಟಿದ ದಾರಕ್ಕೆ ನಡುವೆ ಗಂಟು ಹಾಕಿ ಉದ್ದ ದಾರ ಸೇರಿಸುತ್ತಾರೆ. ಗಂಟು ಬಹಳ ಕೆಳಗಿದ್ದರೆ ಪಟ ಗಾಳಿಗೆ ಎದೆಕೊಟ್ಟು ನಿಂತು ಜೋರಾಗಿ ಎಳೆಯುತ್ತದೆ, ಮೇಲೇರುವುದಿಲ್ಲ. ಬಹಳ ಮೇಲಿದ್ದರೆ ಗಾಳಿಯಲ್ಲಿ ಚಪ್ಪಟೆಯಾಗಿ ಮಲಗಿ ಪಟಪಟಿಸಿ ಇಳಿಯುತ್ತದೆ. ಒಂದು ಬೆರಳಗಲ ಸರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಇದನ್ನು ಏಳು ವರ್ಷದವರು ಬರೀ ಕೇಳಿ ಹಿಡಿಯಲಾರರು. ವಾಲುವ ಪಟವನ್ನು ಹಿಡಿಯಬಲ್ಲರು. ಹತ್ತು ವರ್ಷದ ಹುಡುಗಿಗೆ ಬರೆಯುವುದಾದರೆ ನಾನು ತೇಪೆ ಬಿಟ್ಟು ಸೂತ್ರದ ಗಂಟಿನ ಮೇಲೇ ಕಥೆ ಕಟ್ಟುತ್ತೇನೆ.

ಓದಿ ಹೇಳುವಾಗ ಒಂದು ಜಾಗದಲ್ಲಿ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ. ಯಾವಾಗಲೂ ಬಲಗಡೆಗೇ ಯಾಕೆ ಹೋಗುತ್ತದೆ ಎಂದು ಅಕ್ಕ ಕೇಳುತ್ತಾಳಲ್ಲ, ಅಲ್ಲಿ. ಉತ್ತರ ಮಗುವೇ ಹೇಳಲಿ. ಗಾಳಿ ಆ ಕಡೆ ಬೀಸುತ್ತಿತ್ತು ಎಂದರೆ ಅಲ್ಲಗಳೆಯಬೇಡಿ, ಒಂದು ಹಾಳೆಗೆ ಎರಡು ಕಡ್ಡಿ ಅಂಟಿಸಿ, ಒಂದು ಕಡೆ ತೇಪೆ ಹಾಕಿ, ಬೆರಳ ಮೇಲೆ ಇಟ್ಟು ನೋಡಲು ಬಿಡಿ. 'ತಡಿ' ಎನ್ನುವ ಜಾಗಗಳಲ್ಲಿ ನೀವೂ ಒಂದು ಉಸಿರಿನಷ್ಟು ನಿಲ್ಲಿಸಿ ಓದಿದರೆ ಮಗು ಹುಲ್ಲಿನ ಕಡೆ ಕಣ್ಣಿಟ್ಟು ತಾನೂ ಕಾಯುತ್ತದೆ.

ಕಥೆ ಕೇಳಿದ ಮಗು ಪಟ ಬೇಕೆಂದು ಎದ್ದೇಳುವುದು ಖಂಡಿತ, ಅದಕ್ಕೆ ಸಿದ್ಧರಾಗಿಯೇ ಓದಬೇಕು. ಬಿದಿರು ಸೀಳುವುದು, ಅಂಟು ಕಾಯಿಸುವುದು ದೊಡ್ಡವರ ಕೆಲಸವಾಗಿಯೇ ಉಳಿಯಲಿ. ಸೋಮನ ಕೈಯಲ್ಲಿ ಹತ್ತಿ ದಾರವನ್ನೇ ಕೊಟ್ಟಿರಬೇಕು. ಕತ್ತು, ಕೈ, ಹಕ್ಕಿಯ ರೆಕ್ಕೆ ಕೊಯ್ಯುವ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದೆಲ್ಲೆಡೆ ನಿಷೇಧಿಸಿದೆ. ಬಯಲು ಎಂದರೆ ವಿದ್ಯುತ್ ತಂತಿ ಇಲ್ಲದ ಬಯಲು. ಮಹಡಿ ಮೇಲಿನಿಂದ ಹಾರಿಸುವ ಕಥೆಯನ್ನು ಈ ವಯಸ್ಸಿನವರಿಗೆ ಬರೆಯಲೇಬಾರದು, ಯಾಕೆಂದರೆ ಪಟದ ಹಿಂದೆ ಕಣ್ಣು ಹೋದ ಮಗುವಿಗೆ ಅಂಚು ಕಾಣುವುದಿಲ್ಲ. ಬಾಲಂಗೋಚಿಗೆ ಹಳೆ ಸೀರೆ ಚೂರುಗಳನ್ನು ಹಿಂದಿನ ರಾತ್ರಿಯೇ ಕತ್ತರಿಸಿ ಒಂದು ಬುಟ್ಟಿಯಲ್ಲಿ ಹಾಕಿಡಿ, ಅಂಟು ಬಳಿದಾದ ಮೇಲೆ ಹುಡುಕುತ್ತ ಹೋಗುವಂತಾಗಬಾರದು.